ಬಿಸಿ ತಿಳಿಯದ ಮುಂಗೈ

ನನ್ನ ಮೈದುನನಿಗೆ ಹೆತ್ತವರು ಇಟ್ಟ ಹೆಸರು ಯಾರಿಗೂ ನೆನಪಿರಲಿಲ್ಲ. ಎಲ್ಲರ ಬಾಯಲ್ಲೂ ಕೆಂಡಪ್ಪ. ನಾವಿದ್ದ ಕಟ್ಟಡದ ಮೆಟ್ಟಿಲ ಕೆಳಗೆ ಅವನ ಇಸ್ತ್ರಿ ಅಂಗಡಿ. ಒಂದು ಮೇಜು, ಸುಟ್ಟ ಕಲೆಗಳ ಹಳೇ ಕಂಬಳಿ, ಇದ್ದಿಲು ತುಂಬುವ ದಪ್ಪ ಇಸ್ತ್ರಿ ಪೆಟ್ಟಿಗೆ, ಅಷ್ಟೇ. ಪೆಟ್ಟಿಗೆ ಕಾದಿದೆಯೋ ಇಲ್ಲವೋ ಎಂದು ಬೇರೆಯವರು ನೀರು ಚಿಮುಕಿಸಿ ನೋಡಿದರೆ, ಇವನು ಅದನ್ನು ಎತ್ತಿ ಎಡ ಮುಂಗೈ ಹತ್ತಿರ ಹಿಡಿಯುತ್ತಿದ್ದ. "ನೀರು ಸುಳ್ಳು ಹೇಳುತ್ತೆ ಅತ್ತಿಗೆ, ಚರ್ಮ ಹೇಳಲ್ಲ" ಎನ್ನುತ್ತಿದ್ದ. ಗಿರಾಕಿಗಳು ನಿಂತು ನೋಡಲಿ ಎಂಬ ಆಸೆಯೂ ಇತ್ತು ಅವನಿಗೆ.

ಒಂದು ಬೇಸಿಗೆಯಲ್ಲಿ ಅವನು ಇದ್ದಿಲಿನವನ ಜೊತೆ ಜಗಳಕ್ಕೆ ಬಿದ್ದ.

"ಏನಯ್ಯಾ ಇದು, ಇದ್ದಿಲೋ ಮಣ್ಣೋ? ಎಷ್ಟು ತುಂಬಿದ್ರೂ ಪೆಟ್ಟಿಗೆ ತಣ್ಣಗೇ ಇರುತ್ತೆ."

"ತಣ್ಣಗಿದ್ರೆ ಅದರ ಮೇಲೆ ಕೂತ್ಕೊಂಡು ತೋರಿಸು, ಆಮೇಲೆ ನಂಬ್ತೀನಿ" ಎಂದ ಇದ್ದಿಲಿನವನು.

ಕೂರಲಿಲ್ಲ, ಪುಣ್ಯ. ಇನ್ನಷ್ಟು ಇದ್ದಿಲು ತುಂಬಿದ. ಆ ವಾರವೇ ವಕೀಲರೊಬ್ಬರ ಬಿಳಿ ಪ್ಯಾಂಟಿನ ಹಿಂಭಾಗದಲ್ಲಿ ಪೆಟ್ಟಿಗೆಯ ಅಚ್ಚು ಮೂಡಿತು. ಕೂರುವ ಜಾಗಕ್ಕೆ ಸರಿಯಾಗಿ. ವಕೀಲರು ಕೋರ್ಟಿನಲ್ಲೂ ಹಾಗೆ ಕಿರುಚಿರಲಿಕ್ಕಿಲ್ಲ.

ಅವನ ಮುಂಗೈಯಲ್ಲಿ ಒಂದು ಮಂಕು ಮಚ್ಚೆ ಎದ್ದಿದ್ದು ನಮಗೆಲ್ಲ ಗೊತ್ತಿತ್ತು. ಮೆಡಿಕಲ್ ಶಾಪಿನವನು ಹುಳುಕಡ್ಡಿ ಎಂದು ಮುಲಾಮು ಕೊಟ್ಟಿದ್ದ. ಟ್ಯೂಬು ಮುಗಿದರೂ ಮಚ್ಚೆ ಜಾಗ ಬಿಡಲಿಲ್ಲ. ಅವನ ಹೆಂಡತಿ, ನನ್ನ ಓರಗಿತ್ತಿ, ತೊನ್ನು ಎಂದು ತೀರ್ಮಾನಿಸಿ, ಅವನಿಗೆ ಉದ್ದ ತೋಳಿನ ಶರ್ಟು ಹಾಕಿಸಿದ್ದಳು, ಬೇಸಿಗೆಯಲ್ಲಿ.

ಒಂದು ಮಧ್ಯಾಹ್ನ ಅವನು ಶರ್ಟಿನ ತೋಳು ಮಡಚಿದಾಗ ನೋಡಿದೆ. ಮಚ್ಚೆಯ ನಟ್ಟನಡುವೆ ದೊಡ್ಡ ನೀರಿನ ಬೊಬ್ಬೆ.

"ಯಾವಾಗ ಸುಟ್ಕೊಂಡೆ?"

ಅವನು ತನ್ನ ಕೈಯನ್ನೇ ಯಾರದೋ ಕೈಯೆಂಬಂತೆ ನೋಡಿದ. "ಇದ್ಯಾವಾಗ ಬಂತು?"

ಸುಟ್ಟಿದ್ದೇ ಗೊತ್ತಾಗಿರಲಿಲ್ಲ ಅವನಿಗೆ. ಕೈಯೇ ಹೋದರೆ ಇವನ ಬದುಕಿನಲ್ಲಿ ಉಳಿಯುವುದು ಬಾಯಿ ಮಾತ್ರ. ಅದರಿಂದ ಯಾರ ಹೊಟ್ಟೆಯೂ ತುಂಬದು. ಮಾರನೇ ದಿನ ಸರ್ಕಾರಿ ಆಸ್ಪತ್ರೆಯ ಚರ್ಮದ ವಿಭಾಗಕ್ಕೆ ಅವನನ್ನು ಎಳೆದುಕೊಂಡು ಹೋದೆ. ಓರಗಿತ್ತಿಯೂ ಮೂಗು ಒರೆಸಿಕೊಳ್ಳುತ್ತಾ ಬಂದಳು.

ಡಾಕ್ಟರಮ್ಮನಿಗೆ ನನ್ನ ಮಗಳ ವಯಸ್ಸು, ನನ್ನ ಅತ್ತೆಯ ಗತ್ತು. ಪೆಟ್ಟಿಗೆ, ಮುಂಗೈ, ಬೊಬ್ಬೆ ಎಲ್ಲ ನಾನೇ ಹೇಳಿದೆ.

"ಕೆರೆತ ಇದೆಯಾ?"

"ಇಲ್ಲ. ಕೆರೆದ್ರೂ ಕೆರೆದ ಹಾಗಾಗಲ್ಲ."

"ಹುಳುಕಡ್ಡಿ ಆಗಿದ್ರೆ ಅಂಚು ಉಬ್ಬಿ, ಹೊಟ್ಟು ಎದ್ದು, ಕೆರೆತಕ್ಕೆ ನಿದ್ದೆ ಬರ್ತಿರಲಿಲ್ಲ" ಎನ್ನುತ್ತಾ ಆಕೆ ಮಚ್ಚೆಯನ್ನು ಬೆಳಕಿಗೆ ಹಿಡಿದರು. ಒಣಗಿದ ಚರ್ಮ, ಸುತ್ತ ಬೆವರಿದ್ದರೂ ಅಲ್ಲಿ ಬೆವರಿಲ್ಲ, ಕೂದಲೂ ಉದುರಿದೆ. "ತೊನ್ನಾದ್ರೆ ಹಾಲಿನಷ್ಟು ಬಿಳಿ. ಇದು ಬಣ್ಣ ಮಾಸಿದೆ ಅಷ್ಟೇ. ಆದ್ರೆ ಬಣ್ಣ ನೋಡಿ ಹೇಳೋದಲ್ಲ ಇದು. ಕಣ್ಣು ಮುಚ್ಚಿ. ಹತ್ತಿಯಲ್ಲಿ ಮುಟ್ತೀನಿ, ಮುಟ್ಟಿದ ಕಡೆ ಬೆರಳಿಟ್ಟು ತೋರಿಸಿ."

ಅವನು ಎಲ್ಲ ಕಡೆ ಸರಿಯಾಗಿ ತೋರಿಸಿದ. ಡಾಕ್ಟರಮ್ಮ ತಲೆಯೆತ್ತಿ, "ರೆಪ್ಪೆ ಸಂದಿಯಿಂದ ಇಣುಕ್ತಿದೀರಲ್ಲ" ಎಂದರು. ಓರಗಿತ್ತಿಯ ಸೆರಗಿನಲ್ಲೇ ಅವನ ಕಣ್ಣು ಕಟ್ಟಿಸಿದರು.

ಮೊದಲು ಭುಜಕ್ಕೆ, ಆಮೇಲೆ ಬಲಗೈಗೆ ಹತ್ತಿ ತಾಕಿಸಿದರು. ಥಟ್ಟನೆ ಬೆರಳಿಟ್ಟ. ಮತ್ತೆ ಮಚ್ಚೆಗೆ ಬಂದರು. ಮುಟ್ಟಿದರು. ಮತ್ತೆ ಮುಟ್ಟಿದರು. ಪಕ್ಕಕ್ಕೆ ಸರಿಸಿ ಮುಟ್ಟಿದರು. ಅವನು ಜಗ್ಗಲಿಲ್ಲ. "ಶುರು ಮಾಡಿ ಡಾಕ್ಟ್ರೇ, ಕಾಯ್ತಾ ಇದೀನಿ" ಎಂದ.

ಓರಗಿತ್ತಿ ಮೂಗು ಒರೆಸುವುದನ್ನು ನಿಲ್ಲಿಸಿದಳು.

ಡಾಕ್ಟರಮ್ಮ ಒತ್ತಿ ನೋಡಿದರೆ ಮೊಣಕೈ ಹಿಂದಿನ ನರ ಹಗ್ಗದ ಹಾಗೆ ದಪ್ಪವಾಗಿತ್ತು. ಬಿಗಿಯಾಗಿ ಹಿಡಿಯಿರಿ ಎಂದು ಕಿರುಬೆರಳ ಸಂದಿಯಲ್ಲಿ ಸಿಕ್ಕಿಸಿದ ಕಾಗದ, ಎಳೆದರೆ ಸಲೀಸಾಗಿ ಜಾರಿ ಬಂತು. ಡಾಕ್ಟರಮ್ಮ ಮುಚ್ಚಿಡದೆ, "ಕುಷ್ಠ. ಶುರುವಿನಲ್ಲೇ ಸಿಕ್ಕಿದೆ" ಎಂದರು.

ಕಟ್ಟು ಬಿಚ್ಚಿಕೊಂಡ ಕೆಂಡಪ್ಪ ಕೇಳಿದ್ದು ಒಂದೇ. "ಬೆರಳು ಉದುರುತ್ತಾ?"

"ಬೆರಳು ತಾನಾಗಿ ಉದುರಲ್ಲ. ನೋವು ಗೊತ್ತಾಗದೆ ಸುಟ್ಕೊಂಡು, ಗಾಯ ಕೊಳೆಸಿಕೊಂಡು ಹಾಳು ಮಾಡ್ಕೋತಾರೆ. ನೀವು ಆಗಲೇ ಶುರು ಮಾಡಿದೀರಿ. ಆರು ತಿಂಗಳು ಮಾತ್ರೆ ತಪ್ಪಿಸಬೇಡಿ, ದುಡ್ಡು ಕೊಡಬೇಕಾಗಿಲ್ಲ. ನರದ ಊತಕ್ಕೆ ಬೇರೆ ಮಾತ್ರೆ ಕೊಡ್ತೀನಿ. ಆ ಕೈಯಲ್ಲಿ ಪೆಟ್ಟಿಗೆ ಪರೀಕ್ಷೆ ಮಾಡಿದ್ರೆ ನನ್ನ ಹತ್ರ ಬರಬೇಡಿ."

"ತಟ್ಟೆ ಬೇರೆ ಇಡ್ಬೇಕಾ?" ಓರಗಿತ್ತಿ ಕೇಳಿದಳು.

"ಬೇಡ. ಮಾತ್ರೆ ಶುರುವಾದ್ರೆ ಹರಡೋ ಭಯ ಇರಲ್ಲ. ಆದ್ರೆ ಮನೆಯವರನ್ನೆಲ್ಲ ನೋಡ್ಬೇಕು, ನೀವು ಈ ಕಡೆ ಬನ್ನಿ."

ಪರದೆ ಎಳೆದು ನಮ್ಮಿಬ್ಬರ ಬೆನ್ನು, ಕೈಕಾಲು ಎಲ್ಲ ತಡಕಿದರು. ನನಗೆ ಕಚಗುಳಿ. ಏನೂ ಸಿಗಲಿಲ್ಲ.

ಮೊದಲ ಮಾತ್ರೆ ನುಂಗಿದ ದಿನ ಅವನ ಉಚ್ಚೆ ಕೆಂಪಗಾಯಿತು. ಹಾಗಾಗುತ್ತದೆ, ಹೆದರಬೇಡಿ ಎಂದು ಡಾಕ್ಟರಮ್ಮ ಹೇಳಿದ್ದರೂ ಬಚ್ಚಲಿಂದ ನನ್ನನ್ನೇ ಕೂಗಿದ. "ನಿನ್ನ ಹೆಂಡ್ತಿಗೆ ತೋರಿಸು, ನಂಗ್ಯಾಕೆ" ಎಂದೆ.

ಮಾತ್ರೆ ಮುಗಿಯುವ ಹೊತ್ತಿಗೆ ಕಿರುಬೆರಳು ಕಾಗದವನ್ನು ಬಿಡದೆ ಹಿಡಿಯತೊಡಗಿತು. ಮಚ್ಚೆಯೊಳಗಿನ ಸ್ಪರ್ಶ ಮಾತ್ರ ಪೂರ್ತಿ ಮರಳಲಿಲ್ಲ. ಇದ್ದಿಲಿನವನಲ್ಲಿ ಕೆಂಡಪ್ಪ ಕ್ಷಮೆ ಕೇಳಿದ್ದನ್ನು ನಾನೇ ನೋಡಿದೆ. ಆಮೇಲೂ ತೂಕದಲ್ಲಿ ಮೋಸವಾಗಿದೆ ಎಂದು ಜಗಳವಾಡಿದ, ಅದು ನಿಜವೇ ಇರಬೇಕು.

ಅಂದಿನಿಂದ ಅವನು ಪೆಟ್ಟಿಗೆಗೆ ನೀರು ಚಿಮುಕಿಸುತ್ತಿದ್ದ. ಅದು ಚುಂಯ್ ಎಂದರೆ ಮಾತ್ರ ಬಟ್ಟೆ ಮುಟ್ಟುವುದು. ಗಿರಾಕಿಗಳು ಯಾರಾದರೂ ಕೇಳಿದರೆ, "ಚರ್ಮ ಈಗ ಸುಳ್ಳು ಹೇಳುತ್ತೆ" ಎನ್ನುತ್ತಿದ್ದ, ಶರ್ಟಿನ ತೋಳು ಮಡಚಿ ಮಚ್ಚೆ ತೋರಿಸುತ್ತಲೇ.