ಮೂವತ್ತು ಮಿಲಿಮೀಟರ್

ಆ ಅಕ್ಷರ ಬೆಂದದ್ದು ನನಗೆ ಎರಡು ಥರ ನೆನಪಿದೆ. ಒಂದರಲ್ಲಿ ಕಿಡಿ ಹಾರುತ್ತಿರುವಾಗಲೇ ಬಣ್ಣ ಉಬ್ಬುತ್ತದೆ. ಅದು ಸುಳ್ಳು. ಸುಳ್ಳೆಂದು ಹೇಳಬಲ್ಲೆ, ಏಕೆಂದರೆ ಲೆಕ್ಕ ಹಾಗೆ ಆಗಗೊಡುವುದಿಲ್ಲ. ನನ್ನ ನೆನಪನ್ನು ನಂಬುವುದಕ್ಕಿಂತ ಕಬ್ಬಿಣದಲ್ಲಿ ಶಾಖ ಓಡುವ ರೀತಿಯನ್ನು ನಂಬುವುದು ವಾಸಿ. ಅವತ್ತು ಅದನ್ನೂ ಸರಿಯಾಗಿ ನಂಬಲಿಲ್ಲ.

ಅರಸೀಕೆರೆಯ ಡಿಪ್ಲೊಮಾ ಕಾಲೇಜಿನಲ್ಲಿ ವೆಲ್ಡಿಂಗ್ ಪಾಠ ಹೇಳಿ ನಿವೃತ್ತನಾದವನು ನಾನು. ಹಳೇಬೀಡಿನಿಂದ ಬಸ್ತಿಹಳ್ಳಿಗೆ ಹೋಗುವ ದಾರಿಯಲ್ಲಿ ನನ್ನ ವಯಸ್ಸಿನವನೇ ಒಬ್ಬನ ವೆಲ್ಡಿಂಗ್ ಅಂಗಡಿಯಿತ್ತು. ಅಲ್ಲಿ ಕೂತು ಟೀ ಕುಡಿಯುವುದು, ಕೇಳದಿದ್ದರೂ ಸಲಹೆ ಕೊಡುವುದು ನನ್ನ ರೂಢಿ.

ಗೆಂಡೆಹಳ್ಳಿಯ ಹೆಂಗಸೊಬ್ಬರು ಟ್ರಾಕ್ಟರನ್ನು ತಾವೇ ಓಡಿಸಿಕೊಂಡು ಬಂದರು. ತೆಂಗಿನಕಾಯಿ ಹೇರುವ ಟ್ರೈಲರಿನ ಹಿಂಬಾಗಿಲು ಒಂದು ಗೇಣು ಸೀಳಿತ್ತು. ಸೀಳಿಗಿಂತ ಮೇಲುಗಡೆ ನೀಲಿ ಬಣ್ಣದಲ್ಲಿ ‘ಗೆಂಡೆಹಳ್ಳಿ’ ಎಂದು ಬರೆದಿತ್ತು. ಜಾಗ ಸಾಲದೆ ಕೊನೆಯ ‘ಳ್ಳಿ’ ಕೆಳಕ್ಕೆ ಜಾರಿ, ಸೀಳಿನ ಹತ್ತಿರಕ್ಕೇ ಬಂದಿತ್ತು.

“ಅಪ್ಪ ಬರ್ದಿದ್ದು ಕಣಣ್ಣ. ಹೋಗ್ಬುಟ್ರಲ್ಲ ಈಗ. ಅದ್ಕೇನಾದ್ರೂ ಆಗೋದಾದ್ರೆ ಬೆಸುಗೆ ಬ್ಯಾಡ. ಸೀಳಿದ್ರೆ ಸೀಳ್ಕಂಡೇ ಇರ್ಲಿ, ಹಗ್ಗ ಕಟ್ಕತೀನಿ.”

ಅಂಗಡಿಯವನು ಬಾಗಿಲನ್ನು ಬೆರಳಲ್ಲಿ ತಟ್ಟಿ ನೋಡಿದ. “ತಗಡು ಕಣವ್ವ, ಶಾಖ ಓಡ್ತದೆ. ಒಂದೊಂದು ಇಂಚು ಹಾಕಿ, ಬಿಟ್ಟು, ಆರಿಸ್ಕಂಡು ಹಾಕ್ತೀನಿ. ಅಕ್ಷರದ ಕೆಳಗೆ ಒದ್ದೆ ಗೋಣಿ ಇಡ್ತೀನಿ. ಮಧ್ಯಾಹ್ನ ಆಗ್ತದೆ.”

ಆಗ ನಾನು ಎದ್ದೆ. ಅಳತೆಪಟ್ಟಿ ಹಿಡಿದೆ. ಸೀಳಿನಿಂದ ಅಕ್ಷರದ ಅಂಚಿಗೆ ಮೂವತ್ತು ಮಿಲಿಮೀಟರ್. ಜೇಬಿನ ಚೀಟಿ ತೆಗೆದು ಲೆಕ್ಕ ಹಾಕಿದೆ, ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದ ಸೂತ್ರ: ಮುಂದೆ ಸಾಗುವ ಒಂದು ಬಿಂದುವಿನಿಂದ ಶಾಖ ಸುರಿಯುತ್ತಿದೆ, ಬೆಸುಗೆ ಗೆರೆಯಿಂದ ಇಷ್ಟು ದೂರದಲ್ಲಿ ಅತಿ ಹೆಚ್ಚೆಂದರೆ ಎಷ್ಟು ಬಿಸಿ? ಉತ್ತರ ಐವತ್ತು ಡಿಗ್ರಿ.

“ಟೀ ಲೋಟದಷ್ಟೂ ಬಿಸಿಯಾಗಲ್ಲ,” ಎಂದೆ. “ಗೋಣಿ ಬೇಡ, ಸೀಳಿಗೆ ನೀರಿಳಿದು ಬೆಸುಗೆ ಕೆಡುತ್ತೆ. ಒಂದೇ ಓಟದಲ್ಲಿ ಎಳೆದುಬಿಡು.”

“ಮೇಷ್ಟ್ರೇ, ತಗಡು ಅಂತಿದೀನಿ.”

“ನಾನು ಲೆಕ್ಕ ಅಂತಿದೀನಿ.”

ಅವನು ನಕ್ಕ. “ಲೆಕ್ಕಕ್ಕೆ ಕೈ ಸುಡಲ್ಲ ಬಿಡಿ.” ಆಕೆ ನಮ್ಮಿಬ್ಬರನ್ನೂ ನೋಡಿ, ಕೊನೆಗೆ ನನ್ನನ್ನು ಕೇಳಿದರು: “ನೀವು ಹೇಳ್ತೀರಾ, ಏನೂ ಆಗಲ್ಲ ಅಂತ?”

“ಏನೂ ಆಗಲ್ಲಮ್ಮ.”

ಒಂದೇ ಬೆಸುಗೆ ಕಡ್ಡಿಯಲ್ಲಿ ಸೀಳು ಮುಚ್ಚಿತು. ಅವನು ಮುಖವಾಡ ಎತ್ತಿದ. ಅಕ್ಷರ ಹಾಗೇ ಇತ್ತು. ನಾನು ಅವನ ಕಡೆ ಗೆದ್ದವನಂತೆ ನೋಡಿದ್ದೂ ನಿಜ. ಅದನ್ನು ಮರೆಯುವ ಪ್ರಯತ್ನವನ್ನೂ ಮಾಡಿದ್ದೇನೆ. ಆಕೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಹತ್ತಿರ ಬಂದರು. ಆಗ, ಬೆಂಕಿ ಅಲ್ಲಿಲ್ಲದಿರುವಾಗ, ನೀಲಿ ಮೊದಲು ಮಂಕಾಯಿತು, ಕಂದು ಬಣ್ಣಕ್ಕೆ ತಿರುಗಿತು, ಗುಳ್ಳೆಯೆದ್ದಿತು. ‘ಳ್ಳಿ’ ಬಾಣಲೆಯಲ್ಲಿ ಬಿಟ್ಟ ಹಪ್ಪಳದಂತೆ ಸುರುಟಿತು. ಅವನು ಗೋಣಿ ತರಲು ಓಡಿದ. ಬರುವಷ್ಟರಲ್ಲಿ ಮುಗಿದಿತ್ತು.

ಹಾಗೇ ಆಗಬೇಕು. ದೂರದ ಜಾಗ ತನ್ನ ಅತಿ ಹೆಚ್ಚಿನ ಬಿಸಿಯನ್ನು ಮುಟ್ಟುವುದು ಕಡ್ಡಿ ದಾಟಿ ಹೋದ ಮೇಲೆ. ಆ ದೂರಕ್ಕೆ ಮುಕ್ಕಾಲು ನಿಮಿಷದ ಹತ್ತಿರ. ನಾನು ಬಳಸಿದ್ದು ದಪ್ಪ ಕಬ್ಬಿಣದ ಹಲಗೆಯ ಸೂತ್ರ. ದಪ್ಪದಲ್ಲಿ ಶಾಖಕ್ಕೆ ಆಳಕ್ಕೂ ಇಳಿಯಲು ದಾರಿಯಿದೆ, ದೂರ ಎರಡರಷ್ಟಾದರೆ ಬಿಸಿಯ ಏರಿಕೆ ಕಾಲುಭಾಗಕ್ಕೆ ಬೀಳುತ್ತದೆ. ಮೂರು ಮಿಲಿಮೀಟರಿನ ತಗಡಿಗೆ ಆಳವೆಲ್ಲಿ? ಶಾಖ ಪಕ್ಕಕ್ಕೇ ಹೋಗಬೇಕು. ದೂರ ಎರಡರಷ್ಟಾದರೂ ಏರಿಕೆ ಅರ್ಧಕ್ಕೆ ಮಾತ್ರ ಇಳಿಯುತ್ತದೆ. ಅದೇ ಚೀಟಿಯ ಹಿಂದೆ ಮತ್ತೆ ಬರೆದೆ: ಇನ್ನೂರ ನಲವತ್ತು ಡಿಗ್ರಿ. ಎರಡೂ ಸೂತ್ರ ನಾನೇ ಕಲಿಸಿದ್ದು. ತಟ್ಟಿ ನೋಡಿದ್ದು ಅವನು.

“ಪೇಂಟರ್ ಕರೆಸಿ ಬರೆಸ್ತೀನಮ್ಮ,” ಎಂದೆ.

“ಯಾರು ಬರೆದ್ರೂ ನೆಟ್ಟಗೆ ಬರೀತಾರೆ,” ಎಂದರು ಆಕೆ. ಬೈಯಲಿಲ್ಲ. “ಹಗ್ಗ ಕಟ್ಕಂಡಿದ್ರೆ ಆಗ್ತಿತ್ತು,” ಎಂದು ಟ್ರಾಕ್ಟರ್ ಹತ್ತಿದರು.

ಅಂಗಡಿಯವನು ಆಮೇಲೆ ಆ ಮಾತೆತ್ತಲಿಲ್ಲ, ಒಂದು ಸಲವೂ. ಎತ್ತಿದ್ದರೆ ವಾಸಿಯಿತ್ತು. ಬೆಸುಗೆ ಗಟ್ಟಿಯಾಗಿತ್ತು, ಈಗಲೂ ಬಿಟ್ಟಿರಲಾರದು. ಟ್ರೈಲರ್ ತಿರುವಿನಲ್ಲಿ ಮರೆಯಾಗುವಾಗ ‘ಗೆಂಡೆಹ’ ಎಂದಷ್ಟೇ ಕಾಣುತ್ತಿತ್ತು, ಪಕ್ಕದಲ್ಲಿ ಅಂಗೈಯಗಲದ ಕಂದು ಕಲೆ. ಇದೊಂದನ್ನು ಮಾತ್ರ ನನ್ನ ನೆನಪು ಎಂದೂ ಬದಲಿಸಿ ತೋರಿಸಿಲ್ಲ.