ಮೇಯುವ ಕುರಿಯ ರೆಪ್ಪೆ

ಮೊರಬದ ಕುರಿಗಾರ ಮಾಳಿಂಗರಾಯ ದೂರದ ಬದುವಿನಲ್ಲಿ ಮೇಯುವ ತಮ್ಮ ಕುರಿಯನ್ನು ಈಗಲೂ ಗುರುತಿಸುತ್ತಾರೆ. ಸಕ್ಕರೆ ಕಾಯಿಲೆ ಹಳೆಯದು. ಬಲಗಣ್ಣಿಗೆ ಇಂಜೆಕ್ಷನ್, ಆಮೇಲೆ ಲೇಸರ್ ಬೇಕು ಎಂದು ಹುಬ್ಬಳ್ಳಿಯ ಕಣ್ಣಿನ ವೈದ್ಯೆ ಹೇಳಿದಾಗ ಅವರು ಮಗಳು ಸುಧಾರಾಣಿಯತ್ತ ತಿರುಗಿದರು.

"ಚಲೋ ಕಾಣೂ ಕಣ್ಣಿಗೆ ಸೂಜಿ ಚುಚ್ಚತಾರಂತ. ಇದರಾಗ ಏನೋ ಮೋಸ ಐತಿ, ನಡಿ ಮನಿಗೆ."

ವೈದ್ಯೆ ಕಣ್ಣಿನ ಒಳಪರದೆಯ ಚಿತ್ರ ತೋರಿಸಿದರು. ನೋಟ ಚುರುಕಾಗಿರುವ ನಡುಭಾಗಕ್ಕೆ ಇನ್ನೂ ಪೆಟ್ಟಾಗಿರಲಿಲ್ಲ, ಅದಕ್ಕೇ ಎಲ್ಲ ಸರಿಯಾಗಿ ಕಾಣುತ್ತಿತ್ತು. ಆದರೆ ಸುತ್ತ ದುರ್ಬಲವಾದ ಹೊಸ ರಕ್ತನಾಳಗಳು ಬೆಳೆದಿದ್ದವು. ಅವು ಒಡೆದರೆ ಕಣ್ಣೊಳಗೆ ರಕ್ತ ತುಂಬಿ ಒಮ್ಮೆಲೇ ಕತ್ತಲಾಗಬಹುದು. ಇಂಜೆಕ್ಷನ್ ಅವನ್ನು ಕುಗ್ಗಿಸುತ್ತದೆ, ಲೇಸರ್ ಮತ್ತೆ ಬೆಳೆಯದಂತೆ ತಡೆಯುತ್ತದೆ.

"ಫೋಟೋ ಯಾರದೋ ಏನೋ," ಎಂದರು ಮಾಳಿಂಗರಾಯ.

"ಯಪ್ಪಾ, ಚಂದಗೆ ಮೇಯೂ ಕುರಿದೂ ರೆಪ್ಪಿ ಮಗಚಿ ನೋಡತಿ," ಎಂದಳು ಸುಧಾರಾಣಿ. "ಒಳಗ ಬೆಳ್ಳಗಿದ್ರ ಹೊಟ್ಟ್ಯಾಗ ಹುಳ ಅಂತ ಔಷಧ ಹಾಕತಿ. ಆ ಕುರಿ ಬಂದು ನಿನಗ ಹೇಳಿತ್ತೇನು?"

ಅವರು ಚಿತ್ರದತ್ತ ಇನ್ನೊಮ್ಮೆ ಬಗ್ಗಿ ನೋಡಿದರು. ಆಮೇಲೆ ವೈದ್ಯೆಯನ್ನು ಕೇಳಿದರು: "ಲೇಸರ್ ಮಾಡಿದ್ರ ಇನ್ನೂ ಚಲೋ ಕಾಣತೈತೇನ್ರಿ?"

"ಇಲ್ರಿ. ಇದ್ದದ್ದು ಉಳಸಾಕ ಅಷ್ಟ. ಕತ್ತಲದಾಗ ಸ್ವಲ್ಪ ಮಬ್ಬೂ ಆಗಬಹುದು."

ಮಾರಲು ಬಂದವರು ತಮ್ಮ ಸರಕಿನ ಕುಂದನ್ನು ಹೀಗೆ ತಾವೇ ಹೇಳುವುದಿಲ್ಲವೆಂದು ಸಂತೆಯಲ್ಲಿ ಕುರಿ ಮಾರಿದ ಮಾಳಿಂಗರಾಯರಿಗೆ ಗೊತ್ತಿತ್ತು. ರುಮಾಲು ಬಿಚ್ಚಿ ಮಗಳ ಕೈಗಿಟ್ಟರು.

"ಮಾಡ್ರಿ ಹಂಗಾರ. ನೀವೇನ ಮಾಡತೀರಿ ಅಂತ ಎಡಗಣ್ಣಲೆ ನಾ ನೋಡತಿರತೀನಿ."