ಗುಲಾಬಿಯಾದ ನೀಲಿ ಹರಳು

ಮಳೆ ಹಿಡಿದರೆ ಬಸವೇಶ್ವರನಗರದ ನಮ್ಮ ಮನೆಯ ಗೋಡೆಗೂ ಬೂಷ್ಟು ಬರುತ್ತದೆ. ಅದಕ್ಕೇ ನನ್ನ ಹಳೆಯ ವಿಡಿಯೊ ಗೇಮ್ ಕನ್ಸೋಲು, ಆಟದ ಕಾರ್ಟ್ರಿಜ್‌ಗಳನ್ನು ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಹರಳಿನ ಜೊತೆ ಇಡುತ್ತೇನೆ. ಸೋರದಿರಲೆಂದು ಅದರ ರಿಮೋಟಿನ ಸೆಲ್ಲನ್ನೂ ತೆಗೆದಿಡುತ್ತೇನೆ. ತೇವ ಹೀರಿದರೆ ನೀಲಿ ಹರಳು ಗುಲಾಬಿಯಾಗುತ್ತದೆ. ಆ ಸಲ ಹೊಸ ಹರಳು ಹಾಕಿ ಹದಿನೈದು ದಿನವೂ ಆಗಿರಲಿಲ್ಲ, ಡಬ್ಬದ ಮಸುಕು ಪ್ಲಾಸ್ಟಿಕ್ಕಿನ ಹೊರಗಿನಿಂದಲೇ ಹರಳು ಗುಲಾಬಿಯಾದದ್ದು ಕಂಡಿತು. ನನ್ನ ಅನುಮಾನ ನೇರ ತಮ್ಮನ ಮೇಲೆ ಹೋಯಿತು.

“ನಾನಿಲ್ದಾಗ ಡಬ್ಬ ತೆಗ್ದು ಆಡಿದೀಯ ಅಲ್ವೇನೋ?”

“ಮುಟ್ಟೇ ಇಲ್ಲ ಕಣಣ್ಣ.”

ಅವನ ಮುಖವೇ ಕಳ್ಳನ ಹಾಗೆ ಕಂಡಿತು. ಸಾಕ್ಷಿ ತೋರಿಸಲೆಂದು ಡಬ್ಬ ತೆರೆದೆ. ಕಾರ್ಟ್ರಿಜ್‌ಗಳ ಮೇಲೆಲ್ಲ ಬಿಳಿ ಬೂಷ್ಟು, ಕನ್ಸೋಲಿನ ಹಿಂದೆ ಕೊಳೆತ ಸೇವಂತಿಗೆ. ಆಯುಧಪೂಜೆಯ ದಿನ ಹೊಸ ಹರಳು ಹಾಕಿ, ಕುಂಕುಮವಿಟ್ಟು, ಕೈಮುಗಿದು, ಹಸಿ ಹೂವಿನ ಸಮೇತ ಮುಚ್ಚಳ ಬಿಗಿದವನು ನಾನೇ.